ಇಲ್ಲದ ಗಂಟೆ

ಗಂಟೆಯ ಸದ್ದು ಕೇಳಿದ್ದೇ ತಡ, ಗೀಚಿ ಕೈಲಿದ್ದ ಚಹಾದ ಲೋಟವನ್ನು ಟಕ್ಕನೆ ಮೇಜಿನ ಮೇಲೆ ಕುಕ್ಕಿದಳು. ಚಹಾ ತುಳುಕಿ ಕೀಬೋರ್ಡಿನ ಅಂಚಿಗೆ ಹರಿಯಿತು. ಒರೆಸುವ ಗೊಡವೆಗೂ ಹೋಗಲಿಲ್ಲ.

"ಈ ಗಂಟೆ ಎಲ್ಲಿಂದ ಬಂತು?"

ಸದ್ದಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸ್ಟುಡಿಯೋದಲ್ಲಿ ಸದ್ದು ಜೋಡಿಸುವ ಕೆಲಸ ಅವನದು. ಇಡೀ ದಿನ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದ ಮನುಷ್ಯನಾದ್ದರಿಂದ ಎಲ್ಲ ಸೇರಿ ಅವನಿಗೆ ಆ ಹೆಸರಿಟ್ಟಿದ್ದರು.

"ನಿಮ್ಮನ್ನೇ ಕೇಳ್ತಿರೋದು. ಮತ್ತೆ ಹಾಕಿ."

ಅವನು ಮತ್ತೆ ಹಾಕಿದ. ಪರದೆಯ ಮೇಲೆ ಇಸ್ತ್ರಿ ಕೋಣೆ ತೆರೆದುಕೊಂಡಿತು. ಎಡದಲ್ಲಿ ನಗುತ್ತಿರುವ ಹೆಂಗಸಿನ ಮುಖ. ಕ್ಯಾಮೆರಾ ಮೆಲ್ಲಗೆ ಬಲಕ್ಕೆ ಸರಿಯುತ್ತದೆ. ಟ್ರಿಣ್ ಟ್ರಿಣ್ ಎಂದು ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ. ಅವಳು ನಗುತ್ತಲೇ ಇರುತ್ತಾಳೆ. ಕ್ಯಾಮೆರಾ ತೋಳಿನ ಗುಂಟ ಇಳಿದು ಬೆರಳುಗಳ ಹತ್ತಿರ ಬರುತ್ತದೆ, ಬೆರಳ ಮುಂದೆ ಬಿಸಿ ರೋಲರ್ ತಿರುಗುತ್ತಿದೆ. ಒಂದು ಚೀತ್ಕಾರ. ಕತ್ತಲೆ.

ಚಿತ್ರವೆಲ್ಲ ಗೀಚಿಯದೇ. ಒಂದೊಂದು ಗೆರೆಯೂ ಅವಳದೇ. ಆದರೆ ಹೀಗೊಂದು ಕಥೆಯನ್ನು ಅವಳು ಜನ್ಮದಲ್ಲಿ ಹೇಳಿರಲಿಲ್ಲ.

ಚಿಕ್ಕವಳಿದ್ದಾಗ ಗೋಡೆ, ನೆಲ, ಅಪ್ಪನ ಬಿಳಿ ಪಂಚೆ ಯಾವುದನ್ನೂ ಬಿಡದೆ ಗೀಚುತ್ತಿದ್ದಳೆಂದು ಮನೆಯವರು ಇಟ್ಟ ಹೆಸರು ಗೀಚಿ, ದೊಡ್ಡವಳಾದರೂ ಬಿಟ್ಟುಹೋಗಲಿಲ್ಲ. ಪರದೆಯ ಮೇಲಿನ ಹೆಂಗಸು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಹೋಟೆಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿಯಲ್ಲಿ ಅವರು ರೋಲರಿಗೆ ಹೊದಿಕೆ ಕೊಡುವ ಕೆಲಸದಲ್ಲಿದ್ದರು. ರೋಲರಿನ ಬಾಯಿಯ ಮುಂದೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಕೈ ಒಳಗೆ ಹೋಗುವಂತಾದರೆ ಮೊದಲು ಆ ಪಟ್ಟಿಗೆ ತಾಗಬೇಕು, ತಾಗಿದ ಕೂಡಲೇ ರೋಲರ್ ನಿಲ್ಲಬೇಕು. ತೊಂದರೆಯೆಂದರೆ ಹೊದಿಕೆಯ ದಪ್ಪ ಮಡಿಕೆ ತಾಗಿದರೂ ಅದು ನಿಲ್ಲುತ್ತಿತ್ತು. ಮೇಲಿಂದ ಮೇಲೆ ನಿಂತರೆ ಕೆಲಸ ಹಿಂದೆ ಬೀಳುತ್ತದೆಂದು ಪಟ್ಟಿಯನ್ನು ಮೇಲಕ್ಕೆತ್ತಿ ತಂತಿ ಬಿಗಿದಿದ್ದರು. ಒಂದು ದಿನ ಹೊದಿಕೆಯ ಜೊತೆ ಅತ್ತಿಗೆಯ ಬಲಗೈಯೂ ಒಳಗೆ ಹೋಯಿತು. ಈಗ ಆ ಕೈಯಲ್ಲಿ ಉಳಿದಿರುವುದು ಹೆಬ್ಬೆರಳು, ತೋರುಬೆರಳು. ಅದೇ ಲಾಂಡ್ರಿಯಲ್ಲಿ ಬಟ್ಟೆ ಎಣಿಸಿ ಚೀಟಿ ಹಚ್ಚುವ ಮೇಜಿನ ಮುಂದೆ ಅವರನ್ನು ಕೂರಿಸಿದ್ದರು.

ಗೀಚಿ ಆ ಸಿಟ್ಟಿನಲ್ಲೇ ಒಂದು ಕಾಮಿಕ್ ಚಿತ್ರಕಥೆ ಬರೆದಳು. ಕಪ್ಪು ಶಾಯಿ, ಬೂದು ಬಣ್ಣ, ದಪ್ಪ ಕುಂಚ. ಪುಟ್ಟ ಪ್ರಕಾಶಕರೊಬ್ಬರು ಅಚ್ಚು ಹಾಕಿದರು. ಪುಸ್ತಕ ಕೈಯಿಂದ ಕೈಗೆ ದಾಟಿ ಲಾಂಡ್ರಿಯ ಮ್ಯಾನೇಜರ್ ತನಕ ಹೋಯಿತು. ಅಪಘಾತದ ನಂತರ ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡಲೇಬೇಕೆಂದು ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಆಜ್ಞೆ ಮಾಡಿದ್ದರು. "ನಮ್ಮ ಲಾಂಡ್ರಿಯ ಕಥೆಯನ್ನೇ ಚಲಿಸುವ ಚಿತ್ರ ಮಾಡಿ ತೋರಿಸೋಣ" ಎಂದು ಮ್ಯಾನೇಜರ್ ಗೀಚಿಯ ಭಾವನ ಹತ್ತಿರ ಬಂದರು. ಭಾವ ಎಂದರೆ ಅವಳ ಅಕ್ಕನ ಗಂಡ, ಈ ಸ್ಟುಡಿಯೋದ ಯಜಮಾನ. ಟ್ಯೂಷನ್ ಕ್ಲಾಸು, ಪೀಠೋಪಕರಣದ ಅಂಗಡಿಗಳ ಜಾಹೀರಾತು ಮಾಡಿ ಬೇಸತ್ತಿದ್ದ ಅವನಿಗೆ ಕಾಮಿಕ್ ಹಾಳೆಗಳನ್ನೇ ಚಲಿಸುವಂತೆ ತೋರಿಸುವ ಮೋಷನ್ ಕಾಮಿಕ್ ಮಾಡುವ ಆಸೆ ಎಂದಿನಿಂದಲೋ ಇತ್ತು. ನಾದಿನಿ ಇದ್ದಾಳೆ, ಇನ್ನೇನು ಬೇಕು ಎಂದು ಒಪ್ಪಿಕೊಂಡ.

ಕೆಲಸ ಶುರುವಾದಾಗ ಗೀಚಿಗೂ ಹುಚ್ಚು ಹಿಡಿದಿತ್ತು. ಮೂಲ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಮಾತಿನ ಗುಳ್ಳೆಗಳನ್ನು ಅಳಿಸಿ, ಒಂದೊಂದು ಆಕೃತಿಯನ್ನೂ ಅಂಚು ಹಿಡಿದು ಕತ್ತರಿಸಿ ಬೇರೆ ಬೇರೆ ಪದರಕ್ಕೆ ಹಾಕುತ್ತಿದ್ದಳು. ಆಕೃತಿ ಎತ್ತಿದಲ್ಲಿ ಹಿನ್ನೆಲೆಗೆ ತೂತು ಬೀಳುತ್ತದೆ. ಆ ತೂತನ್ನು ಅದೇ ಕುಂಚದ ರೀತಿಯಲ್ಲಿ ತುಂಬಬೇಕು. ಆಮೇಲೆ ಕ್ಯಾಮೆರಾ ಸರಿದಾಗ ಮುಂದಿನ ಪದರ ಬೇಗ, ಹಿಂದಿನದು ನಿಧಾನ ಸರಿಯುವಂತೆ ಇಟ್ಟರೆ, ಕಾಗದದ ಕೋಣೆಗೆ ಆಳ ಬಂದುಬಿಡುತ್ತದೆ. ಹಬೆಯನ್ನು ಬೇರೆ ಪದರ ಮಾಡಿದಳು, ತೇಲಲಿ ಎಂದು. ಪಟ್ಟಿಗೆ ಬಿಗಿದ ತಂತಿಯನ್ನೂ ಬೇರೆ ಪದರ ಮಾಡಿದಳು. ಯಂತ್ರ ಓಡುವಾಗ ಅದು ಸಣ್ಣಗೆ ನಡುಗಬೇಕು, ನೋಡುವವರ ಕಣ್ಣು ಅಲ್ಲಿಗೇ ಹೋಗಬೇಕು ಎಂದು.

ಈಗ ಪರದೆಯಲ್ಲಿ ಆ ತಂತಿ ಇರಲಿಲ್ಲ. ಗೀಚಿ ಮೌಸ್ ಕಿತ್ತುಕೊಂಡು ಪದರಗಳ ಪಟ್ಟಿ ತೆರೆದಳು. 'ತಂತಿ' ಎಂಬ ಹೆಸರಿನ ಎದುರು ಕಣ್ಣಿನ ಗುರುತು ಆರಿತ್ತು. ಯಾರೋ ಒಂದೇ ಒತ್ತಿಗೆ ಅದನ್ನು ಮರೆಮಾಡಿದ್ದರು. ರೋಲರಿನ ಮುಂದಿನ ಕಬ್ಬಿಣದ ಪಟ್ಟಿಯನ್ನು ಕೆಳಗಿಳಿಸಿ ಸರಿಯಾದ ಜಾಗದಲ್ಲಿ ಕೂರಿಸಿಯೂ ಇದ್ದರು.

"ಭಾವಾ!" ಎಂದು ಅವಳು ಕೂಗಿದ ರಭಸಕ್ಕೆ ಸದ್ದಪ್ಪ ಹೆಡ್‌ಫೋನ್ ಕಿವಿಗೇರಿಸಿಕೊಂಡ.

ಭಾವ ಒಳಕೋಣೆಯಿಂದ ಬಂದ. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಈ ಕೂಗಿಗೆ ಬೆಳಗಿನಿಂದ ಕಾದಿದ್ದಾನೆಂದು.

"ಮೊದ್ಲು ಕೂತ್ಕೊ."

"ಕೂರಲ್ಲ. ತಂತಿ ಎಲ್ಲಿ?"

"ಅವರು ಬದಲಾವಣೆ ಕಳಿಸಿದ್ರಮ್ಮ. ತಂತಿ ಬೇಡ, ಗಂಟೆ ಬೇಕು, ಎರಡು ಚಿತ್ರ ಸೇರಿಸಿ ಕ್ಯಾಮೆರಾ ನಿಲ್ಲದೆ ಸರಿಯೋ ಹಾಗೆ ಒಂದೇ ಪ್ಯಾನ್ ಮಾಡಿ ಅಂತ. ಇಡೀ ಚಿತ್ರದಲ್ಲಿ ಇದೊಂದೇ ಶಾಟ್. ಬೇರೆಲ್ಲ ನೀನು ಮಾಡಿದ ಹಾಗೇ ಇದೆ."

"ಅನ್ನಕ್ಕೆ ಒಂದೇ ಒಂದು ಚಮಚ ವಿಷ ಹಾಕಿದೀನಿ, ಉಳಿದದ್ದೆಲ್ಲ ಅನ್ನಾನೇ ಅಂದ ಹಾಗಾಯ್ತು! ನಗ್ತಿರೋ ಚಿತ್ರ ಪುಟದ ಮೇಲ್ಭಾಗದಲ್ಲಿ ಬೆಳಿಗ್ಗೆದು. ಕೈ ಹೋಗೋದು ಮುಂದಿನ ಪುಟದಲ್ಲಿ, ಮಧ್ಯಾಹ್ನ. ನಡುವೆ ಊಟದ ಚಿತ್ರ ಇದೆ, ಗಡಿಯಾರ ಇದೆ. ಎರಡನ್ನೂ ಹೊಲಿದು ಒಂದೇ ಉಸಿರಲ್ಲಿ ತೋರಿಸಿದ್ರೆ ಏನರ್ಥ? ಹಲ್ಲು ಕಿಸೀತಾ ಕೈ ಕೊಟ್ಲು ಅಂತ. ಮೇಲಿಂದ ಗಂಟೆ ಬೇರೆ. ಆ ಕೋಣೆಯಲ್ಲಿ ಗಂಟೆನೇ ಇಲ್ಲ ಭಾವಾ!"

"ನಂಗೊತ್ತು."

"ಗೊತ್ತಿದ್ದೂ ಮಾಡಿದ್ರಾ?"

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. "ಒಪ್ಪಂದಕ್ಕೆ ಸಹಿ ಹಾಕಿದೀನಿ. ಕೊನೆ ಮಾತು ಅವರದ್ದೇ ಅಂತ ಅದರಲ್ಲಿದೆ. ಬೇಕಾದ್ರೆ ನೀನೇ ಹೋಗಿ ಮಾತಾಡು."

ಹೋದಳು. ಮ್ಯಾನೇಜರ್ ಎದ್ದು ನಿಂತು ಕುರ್ಚಿ ತೋರಿಸಿದರು. ಜೋರು ದನಿ ಎತ್ತುವವರಲ್ಲ. ಅವಳ ಮೈ ಉರಿದದ್ದೇ ಅದಕ್ಕೆ. ಜಗಳಕ್ಕೆ ಎಲ್ಲೂ ಹಿಡಿ ಸಿಗುತ್ತಿರಲಿಲ್ಲ.

"ನಾವು ಯಾರ ತಪ್ಪು ಅಂತ ಹೇಳ್ತಿಲ್ಲಮ್ಮ. ಇದು ಕೋರ್ಟ್ ಅಲ್ಲ, ತರಬೇತಿ. ಕೆಲಸಗಾರರು ಏನು ಮಾಡಬೇಕು ಅನ್ನೋದು ಅವರಿಗೆ ತಲುಪಬೇಕು, ಅಷ್ಟೇ. ತಂತಿ ತೋರಿಸಿದ್ರೆ ಅವರಿಗೆ ತಂತಿ ಕಟ್ಟೋದು ಹೇಗೆ ಅಂತ ನಾವೇ ಕಲಿಸಿದ ಹಾಗೆ."

"ಕಟ್ಟಿದ್ದು ಅವರಲ್ಲ ಸರ್, ನಿಮ್ಮ ಸೂಪರ್‌ವೈಸರ್."

"ಆ ವಿಚಾರಣೆ ಮುಗಿದಿದೆ."

"ಗಂಟೆ? ಅದೆಲ್ಲಿದೆ ತೋರಿಸಿ."

"ಮುಂದೆ ಹಾಕಿಸೋ ಯೋಚನೆ ಇದೆ. ಚಿತ್ರ ವರ್ಷಗಟ್ಟಲೆ ಓಡುತ್ತಲ್ಲ, ಈಗಲೇ ಇರಲಿ ಅಂತ." ಅವರು ನಕ್ಕರು. "ಅಂದ ಹಾಗೆ, ಮೊದಲ ಪ್ರದರ್ಶನಕ್ಕೆ ನಿಮ್ಮ ಅತ್ತಿಗೆಯವರನ್ನೇ ಮುಖ್ಯ ಅತಿಥಿ ಮಾಡಿದೀವಿ. ಇನ್‌ಸ್ಪೆಕ್ಟರ್ ಕೂಡ ಬರ್ತಾರೆ."

ಆಗ ಗೀಚಿಯ ನಾಲಿಗೆಯ ಮೇಲೆ ಬಂದ ಮಾತು ಬರೆಯುವಂಥದ್ದಲ್ಲ. ಹಲ್ಲು ಕಚ್ಚಿಕೊಂಡು, "ನನ್ನ ಹೆಸರು ಚಿತ್ರದಿಂದ ತೆಗೀರಿ" ಎಂದಷ್ಟೇ ಹೇಳಿ ಎದ್ದಳು. "ಆಗಲಿ" ಎಂದು ಅವರು ತಕ್ಷಣ ಬರೆದುಕೊಂಡರು. ಆ 'ಆಗಲಿ' ಅವಳನ್ನು ಬಾಗಿಲ ತನಕ ಇರಿದುಕೊಂಡೇ ಬಂತು.

ಅಲ್ಲಿಂದ ನೇರ ಅಣ್ಣನ ಮನೆಗೆ ನಡೆದಳು. ಅತ್ತಿಗೆ ರಜೆಯಲ್ಲಿದ್ದರು, ಅಡುಗೆಮನೆಯ ಮೇಜಿನ ಮುಂದೆ ಕೂತು, ಬಲಗೈಯ ಎರಡು ಬೆರಳಲ್ಲಿ ಬಟಾಣಿಯನ್ನು ಒತ್ತಿ ಹಿಡಿದು ಎಡಗೈಯಲ್ಲಿ ಸುಲಿಯುತ್ತಿದ್ದರು.

"ಏನೇ ಗೀಚಿ, ಮುಖ ಕೆಂಡದ ಹಾಗಿದೆ?"

"ನಿಮ್ಮ ಕಾರ್ಖಾನೆಯವರು ಮಾಡಿದ ಘನಕಾರ್ಯ ನೋಡಿ ಅತ್ತಿಗೆ. ನಿಮ್ಮನ್ನ ವೇದಿಕೆ ಮೇಲೆ ಕೂರಿಸಿ ಮುಖಕ್ಕೆ ಮಸಿ ಬಳಿಯೋಕೆ ಹೊರಟಿದಾರೆ." ಲ್ಯಾಪ್‌ಟಾಪ್ ತೆರೆದು ಆ ಶಾಟ್ ಹಾಕಿದಳು.

ಅತ್ತಿಗೆ ನೋಡಿದರು. ಇನ್ನೊಮ್ಮೆ ಹಾಕು ಎಂದರು. ಮತ್ತೂ ಒಮ್ಮೆ. ಅಂತ್ಯದ ಚೀತ್ಕಾರ ಬಂದಾಗ ಅವರ ಮುಖ ಕದಲಲೇ ಇಲ್ಲ. ಅವರ ಕಣ್ಣೆಲ್ಲ ಮೊದಲ ಚಿತ್ರದ ಮೇಲೆ.

"ಇಲ್ಲಿ ನಿಲ್ಸು. ನಾನು ಯಾವಾಗ ನಕ್ಕೆ?"

"ಅದೇ ನಾನೂ ಹೇಳ್ತಿರೋದು! ಆ ನಗು ಬೆಳಿಗ್ಗೆದು. ಅವರು ಅದನ್ನ ತಂದು ಇಲ್ಲಿ..."

"ಬೆಳಿಗ್ಗೆ ನಕ್ಕೆ ಅಂತ ನಿಂಗ್ಯಾರು ಹೇಳಿದ್ರು?"

ಗೀಚಿ ಪರದೆಯ ಕಡೆ ಬಾಗಿ ಆ ಮುಖ ನೋಡಿದಳು.

"ಅವತ್ತು ಬೆಳಿಗ್ಗೆ ನಿಮ್ಮಣ್ಣನಿಗೆ ಜ್ವರ. ರಾತ್ರಿಯೆಲ್ಲ ಎದ್ದಿದ್ದೆ. ರಜೆ ಕೇಳಿದ್ದೆ, ಕೊಡಲಿಲ್ಲ. ಇಡೀ ದಿನ ಯಾರ ಜೊತೆನೂ ಒಂದು ಮಾತಾಡಿಲ್ಲ. ಪುಸ್ತಕ ಬಂದಾಗಲೇ ಈ ನಗು ನೋಡ್ದೆ. ಮಗು ಪ್ರೀತಿಯಿಂದ ಬರೆದಿದೆ, ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಿದ್ದೆ."

"ಓದೋರಿಗೆ ನಿಮ್ಮ ಮೇಲೆ ಪ್ರೀತಿ ಬರ್ಲಿ ಅಂತ ಅತ್ತಿಗೆ..."

"ಯಾಕೆ? ನಗದೇ ಇರೋಳ ಕೈ ಹೋದ್ರೆ ಪ್ರೀತಿ ಬರಲ್ವಾ?" ಬಟಾಣಿಯ ತಟ್ಟೆಯನ್ನು ಅವರು ಆಚೆ ತಳ್ಳಿದ ಬಿರುಸಿಗೆ ಕಾಳು ಚೆಲ್ಲಾಪಿಲ್ಲಿಯಾಯಿತು. "ನನ್ನ ಕೇಳ್ದ್ಯಾ? ಒಂದೇ ಒಂದು ಸಲ, 'ಅತ್ತಿಗೆ ಆವತ್ತು ಹೇಗಿದ್ರಿ' ಅಂತ ಕೇಳ್ದ್ಯಾ? ಯಂತ್ರ ಹೇಗಿತ್ತು ಕೇಳ್ದೆ. ಪಟ್ಟಿ ಹೇಗಿತ್ತು ಕೇಳ್ದೆ. ನಾನು ಹೇಗಿದ್ದೆ ಅಂತ ಮಾತ್ರ ನೀನೇ ಕಟ್ಟಿಕೊಂಡೆ. ಗಂಟೆ ಅವರದ್ದು ಸರಿ, ಈ ನಗು ಯಾರದ್ದು?"

ಗೀಚಿಗೆ ಕಪಾಳಕ್ಕೆ ಹೊಡೆದಂತಾಯಿತು. ಬಂದ ಸಿಟ್ಟು ಇಳಿಯಲಿಲ್ಲ. ಮುಖ ತಿರುಗಿಸಿ ತನ್ನ ಮೇಲೇ ಬಂತು. ಹಾಳೆಯ ಮೇಲೆ ಆ ನಗು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಕ್ಯಾಮೆರಾ ಹೊರಟಿತು ನೋಡಿ, ಅದಕ್ಕೆ ಕಾಲು ಬಂದು ರೋಲರಿನ ತನಕ ನಡೆದುಹೋಗಿತ್ತು. ಅವಳು ಕೆಳಗೆ ಕೂತು ಕಾಳು ಆರಿಸತೊಡಗಿದಳು. ಅತ್ತಿಗೆ ಸಹಾಯ ಮಾಡಲಿಲ್ಲ.

"ನೀವು ಹೋಗ್ಬೇಡಿ ಅತ್ತಿಗೆ, ಆ ಸಮಾರಂಭಕ್ಕೆ."

"ಯಾಕೆ ಹೋಗ್ಬಾರ್ದು? ಕರೆದಿದಾರೆ, ಹೋಗ್ತೀನಿ."

ಪ್ರದರ್ಶನ ಲಾಂಡ್ರಿಯ ಕ್ಯಾಂಟೀನಿನಲ್ಲಿ ಇತ್ತು. ಮಧ್ಯಾಹ್ನದ ಪಾಳಿ ಬಿಟ್ಟು ಬಂದ ಹೆಂಗಸರು ನೀಲಿ ಅಂಗಿಯಲ್ಲೇ ಬೆಂಚುಗಳ ಮೇಲೆ ಒತ್ತಿಕೊಂಡು ಕೂತಿದ್ದರು. ಕಿಟಕಿಗಳಿಗೆ ಹೊದಿಕೆ ಕಟ್ಟಿ ಬೆಳಕು ತಡೆದಿದ್ದರು. ಮುಂದಿನ ಸಾಲಿನಲ್ಲಿ ಇನ್‌ಸ್ಪೆಕ್ಟರ್, ಮ್ಯಾನೇಜರ್, ನಡುವೆ ಮಡಿಲಲ್ಲಿ ಹೂಗುಚ್ಛ ಇಟ್ಟುಕೊಂಡ ಅತ್ತಿಗೆ. ಗೀಚಿ ಹಿಂದೆ ಗೋಡೆಗೆ ಒರಗಿ ನಿಂತಳು. ಭಾವ ಪ್ರೊಜೆಕ್ಟರಿನ ಹತ್ತಿರ ನಿಂತಿದ್ದ, ಅವಳತ್ತ ನೋಡಲಿಲ್ಲ.

ಚಿತ್ರ ಶುರುವಾಯಿತು. ಬೆಳಗಿನ ಬೀದಿ, ಗೇಟು, ಉಗಿ ಬಿಡುವ ಕೊಳವೆಗಳು ಒಂದರ ಹಿಂದೊಂದು ಸರಿದಂತೆ ಹೆಂಗಸರು "ಅಯ್ಯೋ ನಮ್ ಗೇಟು! ನಮ್ ಗೇಟು ಕಣೇ!" ಎಂದು ಮೊಣಕೈ ತಿವಿದುಕೊಂಡರು. ಗೀಚಿಯ ಕೆಲಸ ಚೆನ್ನಾಗಿತ್ತು. ಹಾಗೆ ಚೆನ್ನಾಗಿದ್ದುದೇ ಅವಳಿಗೆ ಸಂಕಟವಾಯಿತು.

ಆಮೇಲೆ ಆ ಶಾಟ್ ಬಂತು. ನಗುವ ಮುಖ. ಟ್ರಿಣ್ ಟ್ರಿಣ್.

"ಇದೇನೇ ಗಂಟೆ?" ಎಂದಿತು ಕತ್ತಲಲ್ಲಿ ಒಂದು ದನಿ.

"ಯಾರ ಮನೆ ಗಂಟೆನೋ."

ಯಾರೋ ಕಿಸಕ್ಕೆಂದರು. ಆದರೆ ಆ ನಗು ಹರಡಲಿಲ್ಲ. ಚೀತ್ಕಾರ ಬಂದು ಪರದೆ ಕಪ್ಪಾದಾಗ ಕ್ಯಾಂಟೀನಿನಲ್ಲಿ ಒಂದು ಬೇರೆ ಥರದ ಗುಜುಗುಜು ಎದ್ದಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು: ಗಂಟೆಗೆ ಕಿವಿಗೊಡಿ, ಜೀವ ಉಳಿಸಿಕೊಳ್ಳಿ.

ಅತ್ತಿಗೆ ಎದ್ದು ನಿಂತರು. ಹೂಗುಚ್ಛ ಕೆಳಗೆ ಬಿತ್ತು. "ಲೈಟ್ ಹಾಕಿ" ಎಂದರು. ಯಾರೂ ಹಾಕದಿದ್ದಾಗ ತಾವೇ ಹೋಗಿ ಕಿಟಕಿಯ ಹೊದಿಕೆಯನ್ನು ಎಡಗೈಯಲ್ಲಿ ಸೆಳೆದರು. ಬಿಸಿಲು ಒಳಗೆ ಸುರಿಯಿತು.

"ಸರ್," ಎಂದರು ಇನ್‌ಸ್ಪೆಕ್ಟರಿಗೆ. "ಇಲ್ಲಿ ಕೂತಿರೋ ಒಬ್ಬಳಾದ್ರೂ ಈ ಗಂಟೆ ಕೇಳಿದಾಳಾ, ಕೇಳಿ. ಆ ಗಂಟೆ ಇಲ್ಲಿಲ್ಲ. ನಾನು ಅವತ್ತು ನಗಲೂ ಇಲ್ಲ, ಹಾಗೆ ಕಿರುಚಲೂ ಇಲ್ಲ. ಕಿರುಚೋಕೆ ಉಸಿರೇ ಇರಲಿಲ್ಲ. ಪಟ್ಟಿಗೆ ತಂತಿ ಬಿಗಿದಿದ್ರು. ಅದನ್ನ ಇವರು ಅಳಿಸಿದಾರೆ."

"ಕೂತ್ಕೊಳಮ್ಮ, ಆಮೇಲೆ ಮಾತಾಡೋಣ" ಎಂದರು ಮ್ಯಾನೇಜರ್, ಅದೇ ಮೆತ್ತನೆಯ ದನಿಯಲ್ಲಿ.

"ಅಳಿಸಿದ್ದು ಚಿತ್ರದಲ್ಲಿ ಮಾತ್ರ!" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು. "ಇವತ್ತೂ ಬಿಗಿದೇ ಇದೆ! ಹೋಗಿ ನೋಡ್ಲಿ!"

ಆಮೇಲೆ ಯಾರ ಮಾತು ಯಾರಿಗೂ ಕೇಳಲಿಲ್ಲ. ಬೆಂಚುಗಳು ಕಿರ್ರೆಂದವು, ಎಲ್ಲರೂ ಎದ್ದಿದ್ದರು. ಇನ್‌ಸ್ಪೆಕ್ಟರ್ ಒಂದು ಕ್ಷಣ ಮ್ಯಾನೇಜರ್ ಮುಖ ನೋಡಿ, "ಇಸ್ತ್ರಿ ಕೋಣೆ ಯಾವ ಕಡೆ?" ಎಂದು ಕೇಳಿದರು. ದಾರಿ ತೋರಿಸಲು ಅಷ್ಟೂ ಹೆಂಗಸರು ಹೊರಟರು. ಗೀಚಿಯೂ ಆ ಪ್ರವಾಹದಲ್ಲಿ ಸಿಕ್ಕಿ ಹೋದಳು. ಕೋಣೆಯಲ್ಲಿ ಕೆಲವು ರೋಲರುಗಳ ಪಟ್ಟಿ ಸರಿಯಾಗಿತ್ತು. ಗೋಡೆ ಕಡೆಯ ಎರಡಕ್ಕೆ ತಂತಿ ಬಿಗಿದೇ ಇತ್ತು, ಎಷ್ಟೋ ದಿನದ ಹತ್ತಿ ನೂಲು ಅಂಟಿ ಬೂದು ಬಣ್ಣವಾಗಿತ್ತು. ಇನ್‌ಸ್ಪೆಕ್ಟರ್ ಆ ಯಂತ್ರಗಳನ್ನು ಅಲ್ಲೇ ನಿಲ್ಲಿಸಿ ಬೀಗ ಹಾಕಿಸಿದರು. ಹಳೆಯ ವಿಚಾರಣೆಯ ಕಡತವನ್ನು ಮತ್ತೆ ತೆರೆಯುವುದಾಗಿ ಹೇಳಿದರು. ಮ್ಯಾನೇಜರ್ ಏನೋ ವಿವರಿಸುತ್ತಲೇ ಇದ್ದರು. ಅವರ ದನಿ ಮೊದಲ ಸಲ ಸ್ವಲ್ಪ ಮೇಲಕ್ಕೇರಿತ್ತು.

ಚಿತ್ರವನ್ನು ಲಾಂಡ್ರಿಯವರು ಮತ್ತೆ ತೋರಿಸಲಿಲ್ಲ. ಕೆಲಸ ಕೆಟ್ಟಿತೆಂದು ಭಾವ ಗೀಚಿಯ ಜೊತೆ ಮಾತು ಬಿಟ್ಟ. ನಡುವೆ ಸಿಕ್ಕಿದ ಅಕ್ಕ ಅವನಿಗೆ ಊಟ ಬಡಿಸುವಾಗ ಬೈದಳು, ಇವಳಿಗೆ ಫೋನಿನಲ್ಲಿ ಬೈದಳು. ಗೀಚಿಯೂ ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ. ಒಂದು ದಿನ ಸದ್ದಪ್ಪ ಅವಳ ಬಾಗಿಲು ತಟ್ಟಿದ. ಕೈಲಿ ಹಾರ್ಡ್ ಡಿಸ್ಕ್.

"ಎಲ್ಲ ಪದರ ಇದರಲ್ಲಿದೆ. ನಿಮ್ಮ ಭಾವನವರೇ ಕೊಟ್ಟಿದ್ದು, ಕೊಟ್ಟೆ ಅಂತ ಹೇಳ್ಬೇಡ ಅಂದಿದಾರೆ." ಒಂದೇ ಸಲಕ್ಕೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಹೊರಡುವಾಗ ಬಾಗಿಲಲ್ಲಿ ನಿಂತ. "ಆ ಗಂಟೆ ಕೂರಿಸಿದ್ದು ನಾನು. ಸರಿ ಮಾಡೋದಾದ್ರೆ ಕರೀರಿ."

ಸರಿಪಡಿಸಿದ ಚಿತ್ರ ಲಾಂಡ್ರಿಯ ಹೆಂಗಸರಿಗೂ ಬೇಕಿತ್ತು. ಬೇರೆ ಲಾಂಡ್ರಿಗಳಲ್ಲಿ ತಮ್ಮವರು ಕೆಲಸ ಮಾಡುತ್ತಿದ್ದಾರೆ, ಅವರಿಗೆ ಕಳಿಸುತ್ತೇವೆ ಎಂದರು. ಗೀಚಿ ಅತ್ತಿಗೆಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು: "ಅವತ್ತು ಹೇಗಿದ್ರಿ, ಹೇಳ್ತೀರಾ?"

"ಈಗ ಕೇಳೋಕೆ ಬಂದ್ಯಾ" ಎಂದರು ಅತ್ತಿಗೆ. ದನಿಯಲ್ಲಿ ಎಳ್ಳಷ್ಟೂ ಮೆದು ಇರಲಿಲ್ಲ. ಆದರೆ ಬಾಗಿಲಿಂದ ಸರಿದು ದಾರಿ ಬಿಟ್ಟರು.

ಅಡುಗೆಮನೆಯ ಮೇಜಿನ ಮೇಲೇ ಕೆಲಸ ನಡೆಯಿತು. ನಗುವ ಮುಖ ತೆಗೆದು ಗೀಚಿ ದಣಿದ ಮುಖ ಬರೆದಳು. "ಅಳುಬುರುಕಿ ಥರ ಇದೆ, ಬೇಡ" ಎಂದರು ಅತ್ತಿಗೆ. ಇನ್ನೊಂದು ಬರೆದಳು. "ಇದು ನಿಮ್ಮಕ್ಕನ ಮುಖ." ಕೊನೆಗೆ, "ಮುಖ ಯಾಕೆ ಬೇಕು? ಎಲ್ಲರೂ ಮುಖಾನೇ ನೋಡಿ ತೀರ್ಪು ಕೊಡ್ತಾರೆ. ಕೆಲಸ ಮಾಡೋವಾಗ ನಾನು ಏನು ನೋಡ್ತಿದ್ನೋ ಅದನ್ನ ತೋರ್ಸು" ಎಂದರು. ಆಗ ಶಾಟ್ ತಲೆಕೆಳಗಾಯಿತು. ಕ್ಯಾಮೆರಾ ಈಗ ತಂತಿಯಿಂದ ಹೊರಡುತ್ತದೆ, ಮೇಲೆತ್ತಿದ ಪಟ್ಟಿಯ ಗುಂಟ ಸರಿಯುತ್ತದೆ, ಪಟ್ಟಿಯ ಕೆಳಗಿನ ಬರಿದು ಸಂದಿಗೆ ಇಳಿಯುತ್ತದೆ. ಮುಂದಿನ ಪದರದಲ್ಲಿ ಬಿಳಿ ಹೊದಿಕೆ ಒಳಗೆ ಹೋಗುತ್ತಲೇ ಇರುತ್ತದೆ, ಅದರ ಅಂಚು ಹಿಡಿದ ಕೈ ಜೊತೆಗೇ.

ಸದ್ದಪ್ಪ ಬಂದು ಚೀತ್ಕಾರ ತೆಗೆದ, ಸಂಗೀತ ತೆಗೆದ. ಮೊದಲ ಸಲ ಇಸ್ತ್ರಿ ಕೋಣೆ ನೋಡಲು ಹೋದಾಗ ರೋಲರುಗಳ ಗುಂಯ್‌ಗುಡುವಿಕೆಯನ್ನು ಅವನು ಧ್ವನಿಮುದ್ರಿಸಿಕೊಂಡಿದ್ದ. ಅದನ್ನೊಂದನ್ನೇ ಶಾಟಿನ ಉದ್ದಕ್ಕೂ ಹಾಸಿದ. ಕೈ ಒಳಗೆ ಹೋದಾಗಲೂ ಆ ಸದ್ದು ಬದಲಾಗುವುದಿಲ್ಲ.

"ಹಾಂ, ಹೀಗೇ" ಎಂದರು ಅತ್ತಿಗೆ. "ನಿಲ್ಲಲೇ ಇಲ್ಲ ಅದು." ಸದ್ದಪ್ಪ ತಲೆ ತಗ್ಗಿಸಿ ಕೂತ.

ಪರದೆ ಕಪ್ಪಾಯಿತು, ಸದ್ದೂ ಅದರ ಜೊತೆ ಆರಿತು.

"ಯಾಕೆ ನಿಲ್ಲಿಸ್ದೆ? ಕಪ್ಪಾದ ಮೇಲೂ ಓಡಬೇಕು ಅದು."

"ಎಷ್ಟು ಹೊತ್ತು ಅತ್ತಿಗೆ? ಕಪ್ಪು ಪರದೆ, ಒಂದೇ ಸದ್ದು. ನೋಡೋರು ಚಡಪಡಿಸ್ತಾರೆ."

"ಚಡಪಡಿಸ್ಲಿ. ಯಾರೋ ಓಡಿ ಬಂದು ಸ್ವಿಚ್ ಆರಿಸೋ ತನಕ ನಾನು ಅಲ್ಲೇ ನಿಂತಿದ್ದೆ. ಉದ್ದ ಮಾಡು."

ಗೀಚಿ ಸದ್ದಿನ ಪದರದ ತುದಿ ಹಿಡಿದು ಬಲಕ್ಕೆ ಎಳೆದಳು. ಅತ್ತಿಗೆ ಪರದೆಯಿಂದ ಕಣ್ಣು ತೆಗೆಯದೆ, "ಇನ್ನೂ" ಎಂದರು.